ಮೊತ್ತ 78: ಏಳು ತಿಂಗಳ ಕೂಸಿನ ಲಿಂಫೋಸೈಟ್ ಗೇಟ್‌ಗೆ ನುಸುಳಿದ್ದೇನು?

ಕಳೆದ ಚಳಿಗಾಲದಲ್ಲಿ ಕೋಲಾರದ ನಮ್ಮ ಲ್ಯಾಬ್‌ಗೆ ಮುಳಬಾಗಿಲು ಕಡೆಯ ಏಳು ತಿಂಗಳ ಗಂಡುಕೂಸಿನ ರಕ್ತ ಬಂತು. ಮೂರು ತಿಂಗಳಲ್ಲಿ ಎರಡು ಸಲ ನ್ಯುಮೋನಿಯಾ ಆಗಿತ್ತು, ತೂಕ ಏರುತ್ತಿರಲಿಲ್ಲ, ಬಾಯಲ್ಲಿ ಬಿಳಿ ಅಗ್ರ ಒಮ್ಮೆ ಬಂದು ಹೋಗಿತ್ತು. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಲ್ಲಿ ಏನಾದರೂ ಕೊರತೆ ಇದೆಯೇ ಎಂಬುದು ಮಕ್ಕಳ ಡಾಕ್ಟರ ಪ್ರಶ್ನೆ. ಟಿ, ಬಿ ಮತ್ತು ಎನ್‌ಕೆ ಕೋಶಗಳ ಎಣಿಕೆ ಮಾಡಿಕೊಡಿ ಎಂದು ಬರೆದಿದ್ದರು. ಟೊಮೆಟೊ ಗಾಡಿಯಲ್ಲಿ ಬೆಳಗಿನ ಜಾವವೇ ಬಂದಿದ್ದ ಅಜ್ಜಿ ಕೌಂಟರ್ ಹತ್ತಿರ ನಿಂತು, "ಕೂಸಿಂದು ಇಷ್ಟೊಂದು ರಕ್ತ ತಗೊಂಡ್ರಲ್ಲಮ್ಮ, ಇದರಲ್ಲೇ ಎಲ್ಲಾ ಗೊತ್ತಾಗುತ್ತಾ?" ಎಂದು ಕೇಳಿದರು. ತೆಗೆದದ್ದು ಒಂದೂವರೆ ಎಂಎಲ್. ಅಷ್ಟರಲ್ಲಿ ಗೊತ್ತಾಗಲೇಬೇಕಿತ್ತು, ಇನ್ನೊಮ್ಮೆ ಚುಚ್ಚಿಸುವ ಮನಸ್ಸು ಯಾರಿಗೂ ಇರಲಿಲ್ಲ.

ಬ್ಲಡ್ ಕೌಂಟ್ ಮೊದಲು ಕೈಗೆ ಬಂತು. ಬಿಳಿ ರಕ್ತಕಣ 8,600, ಅದರಲ್ಲಿ ಲಿಂಫೋಸೈಟ್ 41 ಪರ್ಸೆಂಟ್, ಅಂದರೆ ಪ್ರತಿ ಮೈಕ್ರೋಲೀಟರ್‌ಗೆ 3,526. ಹೀಮೋಗ್ಲೋಬಿನ್ 8.1, ಕೆಂಪು ಕಣದ ಸರಾಸರಿ ಗಾತ್ರ ಎಂಸಿವಿ 61. ಈ ಕೊನೆಯ ಎರಡು ಸಂಖ್ಯೆಗಳನ್ನು ಆ ಬೆಳಿಗ್ಗೆ ನಾನು ನೋಡಿದೆ, ರಕ್ತಹೀನತೆ ಎಂದುಕೊಂಡೆ, ಮುಂದೆ ಹೋದೆ. ಕೋಶಗಳಿಗೆ ಬಣ್ಣದ ಗುರುತು ಹಚ್ಚಿ ಲೇಸರ್ ಮುಂದೆ ಒಂದೊಂದಾಗಿ ಹಾಯಿಸಿ ಎಣಿಸುವ ಫ್ಲೋ ಸೈಟೋಮೆಟ್ರಿಗೂ ಅದಕ್ಕೂ ಸಂಬಂಧ ಇದೆ ಎಂದು ಆಗ ಹೊಳೆಯಲಿಲ್ಲ.

ಮಾಡಿದ ಕೆಲಸ ಹೀಗಿತ್ತು. ಟ್ಯೂಬಿನ ತಳಕ್ಕೆ 50 ಮೈಕ್ರೋಲೀಟರ್ ರಕ್ತ, ಅದಕ್ಕೆ ಆರು ಬಣ್ಣದ ಆಂಟಿಬಾಡಿ ಮಿಶ್ರಣ: ಸಿಡಿ45, ಸಿಡಿ3, ಸಿಡಿ4, ಸಿಡಿ8, ಸಿಡಿ19, ಮತ್ತು ಒಂದೇ ಬಣ್ಣದಲ್ಲಿ ಜೊತೆಯಾಗಿ ಸಿಡಿ16 ಹಾಗೂ ಸಿಡಿ56. ಸಿಡಿ ಸಂಖ್ಯೆಗಳು ಕೋಶದ ಮೈಮೇಲಿನ ಪ್ರೋಟೀನ್‌ಗಳ ಹೆಸರು: ಸಿಡಿ3 ಟಿ ಕೋಶದ ಗುರುತು, ಸಿಡಿ4 ಮತ್ತು ಸಿಡಿ8 ಟಿ ಕೋಶದ ಎರಡು ಬಗೆಗಳದ್ದು, ಸಿಡಿ19 ಬಿ ಕೋಶದ್ದು, ಸಿಡಿ16-56 ಎನ್‌ಕೆ ಕೋಶದ್ದು. ಹದಿನೈದು ನಿಮಿಷ ಕತ್ತಲಲ್ಲಿ ಇಟ್ಟು, ಕೆಂಪು ಕಣಗಳನ್ನು ಒಡೆಯುವ ಲೈಸಿಂಗ್ ದ್ರಾವಣ ಹಾಕಿ ಮತ್ತೆ ಹದಿನೈದು ನಿಮಿಷ, ತೊಳೆಯದೆ ನೇರ ಮಷೀನಿಗೆ. ಸ್ವಲ್ಪ ಹೊತ್ತಿಗೆ ನಮ್ಮ ಟೆಕ್ನಿಷಿಯನ್ ಕರೆದಳು. "ಮೇಡಂ, ಮೂರೂ ಕೂಡಿಸಿದ್ರೆ 78 ಬರ್ತಿದೆ. ಟಿ ಕೋಶಕ್ಕೆ ಕೆಂಪು ಗುರುತು ಬಿದ್ದಿದೆ."

ತೆರೆಯ ಮೇಲೆ ಟಿ 48 ಪರ್ಸೆಂಟ್, ಬಿ 24, ಎನ್‌ಕೆ 6. ಲಿಂಫೋಸೈಟ್ 3,526ಕ್ಕೆ 48 ಪರ್ಸೆಂಟ್ ಎಂದರೆ ಟಿ ಕೋಶ 1,692. ಆರರಿಂದ ಹನ್ನೆರಡು ತಿಂಗಳ ಕೂಸುಗಳಿಗೆ ನಾವು ಬಳಸುವ ಮಿತಿ 1,900ರಿಂದ 5,900. ಸಿಡಿ4 ಟಿ ಕೋಶ 33 ಪರ್ಸೆಂಟ್, ಅಂದರೆ 1,164. ಅದರ ಕೆಳಮಿತಿ 1,400. ಎರಡೂ ಕೆಳಗೆ. ಈ ರಿಪೋರ್ಟ್ ಹಾಗೆಯೇ ಹೋಗಿದ್ದರೆ ಒಂಬತ್ತನೇ ತಿಂಗಳಿಗೆ ಹಾಕಬೇಕಿದ್ದ ದಡಾರ-ರುಬೆಲ್ಲಾ ಲಸಿಕೆಯನ್ನು ಡಾಕ್ಟರು ತಡೆಹಿಡಿಯುತ್ತಿದ್ದರು, ಏಕೆಂದರೆ ಅದು ಜೀವಂತ ವೈರಸ್ಸಿನ ಲಸಿಕೆ. ಟಿ ಕೋಶ ಕಡಿಮೆ ಇರುವ ಮಗುವಿಗೆ ಅದು ಅಪಾಯ. ಆ ಮನೆಯವರು ಕೂಸನ್ನು ಎತ್ತಿಕೊಂಡು ಬೆಂಗಳೂರಿಗೆ ಅಲೆಯುವುದು ಬೇರೆ.

ಆದರೆ 78 ಎಂಬ ಮೊತ್ತ ನಿಲ್ಲಿಸಿತು. ಲಿಂಫೋಸೈಟ್ ಎಂದರೆ ಟಿ, ಬಿ, ಎನ್‌ಕೆ ಈ ಮೂರೇ. ಬೇರೆ ಬಗೆಗಳು ಇವೆ, ಆದರೆ ಬಹಳ ವಿರಳ. ತೆರೆಯ ಮೇಲೆ ಒಂದೊಂದು ಕೋಶವೂ ಒಂದು ಚುಕ್ಕೆ, ಬೇಕಾದ ಚುಕ್ಕೆಗಳ ಸುತ್ತ ಎಳೆಯುವ ಗೆರೆಯೇ ಗೇಟ್. ಹಾಗಾಗಿ ಗೇಟ್ ಸರಿಯಾಗಿ ಲಿಂಫೋಸೈಟ್‌ಗಳನ್ನೇ ಹಿಡಿದಿದ್ದರೆ ಮೂರರ ಮೊತ್ತ ನೂರರ ಆಸುಪಾಸಿನಲ್ಲಿ, 95ರಿಂದ 105ರ ಒಳಗೆ ಇರಬೇಕು. ಇದಕ್ಕೆ ಲಿಂಫೋಸಮ್ ಎನ್ನುತ್ತೇವೆ. 78 ಬಂದರೆ ಪ್ರತಿ ನೂರರಲ್ಲಿ 22 ಚುಕ್ಕೆಗಳು ಟಿಯೂ ಅಲ್ಲ, ಬಿಯೂ ಅಲ್ಲ, ಎನ್‌ಕೆಯೂ ಅಲ್ಲ. ಹಾಗಾದರೆ ಅವು ಯಾವುವು?

ಇದಕ್ಕೆ ಉತ್ತರ ಹುಡುಕುವ ಮೊದಲು ನಮ್ಮ ಗೇಟ್ ಎಲ್ಲಿ ಹಾಕಿದ್ದೆವು ಎಂದು ಹೇಳಬೇಕು. ಅದು ಹಳೆಯ ಟೆಂಪ್ಲೇಟ್, ದೊಡ್ಡವರ ರಕ್ತಕ್ಕೆ ನಾನೇ ಮಾಡಿಟ್ಟಿದ್ದು. ಅಡ್ಡ ಅಕ್ಷದಲ್ಲಿ ಫಾರ್ವರ್ಡ್ ಸ್ಕ್ಯಾಟರ್, ಉದ್ದ ಅಕ್ಷದಲ್ಲಿ ಸೈಡ್ ಸ್ಕ್ಯಾಟರ್. ಲೇಸರ್ ಕಿರಣದ ಮುಂದೆ ಒಂದೊಂದೇ ಕೋಶ ಹಾದುಹೋಗುವಾಗ ನೇರ ಮುಂದಕ್ಕೆ ಚದುರುವ ಬೆಳಕು ಹೆಚ್ಚುಕಡಿಮೆ ಕೋಶದ ಗಾತ್ರವನ್ನು ಹೇಳುತ್ತದೆ, ಪಕ್ಕಕ್ಕೆ ಚದುರುವ ಬೆಳಕು ಒಳಗಿನ ಕಾಳುಕಾಳಾದ ರಚನೆಯನ್ನು ಹೇಳುತ್ತದೆ. ಗ್ರಾನ್ಯುಲೋಸೈಟ್‌ಗಳ ತುಂಬ ಕಾಳು, ಹಾಗಾಗಿ ಅವು ಮೇಲೆ ಮೋಡದಂತೆ ಹರಡಿಕೊಳ್ಳುತ್ತವೆ. ಮೊನೋಸೈಟ್‌ಗಳದ್ದು ನಡುವಿನ ಎತ್ತರ. ಲಿಂಫೋಸೈಟ್‌ಗಳು ಸಣ್ಣವು, ಒಳಗೆ ನುಣುಪು, ಹಾಗಾಗಿ ಕೆಳಗೆ ಎಡಕ್ಕೆ ಒತ್ತಾದ ಒಂದು ಗುಂಪು. ಆ ಗುಂಪಿನ ಸುತ್ತ ಗೆರೆ ಎಳೆದರೆ ಅದೇ ಲಿಂಫೋಸೈಟ್ ಗೇಟ್. ದೊಡ್ಡವರ ಒಳ್ಳೆಯ ಸ್ಯಾಂಪಲ್‌ನಲ್ಲಿ ಇಷ್ಟೇ ಸಾಕಾಗುತ್ತದೆ.

ಕೂಸಿನ ಪ್ಲಾಟ್‌ನಲ್ಲಿ ಲಿಂಫೋಸೈಟ್ ಗುಂಪಿನ ಎಡಬದಿ ಚೊಕ್ಕ ಇರಲಿಲ್ಲ. ತೀರಾ ಎಡಮೂಲೆಯಿಂದ ಒಂದು ಬಾಲ ಹೊರಟು, ಗುಂಪಿನೊಳಗೇ ಬೆರೆತುಹೋಗಿತ್ತು. ಎಲ್ಲಿ ಬಾಲ ಮುಗಿಯಿತು, ಎಲ್ಲಿ ಗುಂಪು ಶುರುವಾಯಿತು ಎಂದು ಕಣ್ಣಿಗೆ ಹೇಳಲಾಗುತ್ತಿರಲಿಲ್ಲ.

ಟೆಕ್ನಿಷಿಯನ್ ಮಾಡಿದ ಮೊದಲ ಕೆಲಸ ಬಹಳ ಮಂದಿ ಮಾಡುವಂಥದ್ದೇ. ಗೇಟನ್ನು ಸುತ್ತಲೂ ಬಿಗಿ ಮಾಡಿದಳು. ಚುಕ್ಕೆಗಳು ಹತ್ತು ಸಾವಿರದಿಂದ 7,100ಕ್ಕೆ ಇಳಿದವು, ಮೊತ್ತ 89ಕ್ಕೆ ಏರಿತು. ಟಿ 56, ಬಿ 29, ಎನ್‌ಕೆ 4. ಮೊತ್ತ ಸುಧಾರಿಸಿತಲ್ಲ ಎಂದು ಅವಳಿಗೆ ಸಮಾಧಾನ. ನಾನು ತೋರಿಸಿದ್ದು ಎನ್‌ಕೆ ಸಾಲು: 6ರಿಂದ 4ಕ್ಕೆ ಬಿದ್ದಿದೆ. ಕಸ ಹೊರಹೋದರೆ ಉಳಿದ ಮೂರೂ ಏರಬೇಕು. ಒಂದು ಮಾತ್ರ ಇಳಿದರೆ, ಕಸದ ಜೊತೆಗೆ ನಿಜವಾದ ಕೋಶಗಳೂ ಆಚೆ ಹೋಗಿವೆ ಎಂದರ್ಥ. ಎನ್‌ಕೆ ಕೋಶಗಳು ಸಾಮಾನ್ಯ ಟಿ ಕೋಶಕ್ಕಿಂತ ಸ್ವಲ್ಪ ದೊಡ್ಡವು, ಒಂದಿಷ್ಟು ಕಾಳು ಇರುವಂಥವು, ಗುಂಪಿನ ಬಲ ಅಂಚಿನಲ್ಲಿ ಕೂರುತ್ತವೆ. ಸೋಂಕಿನ ಸಮಯದಲ್ಲಿ ಕೆರಳಿ ದೊಡ್ಡದಾದ ಟಿ ಕೋಶಗಳೂ ಅಲ್ಲೇ ಸೇರುತ್ತವೆ. ಬಿಗಿ ಗೆರೆ ಮೊದಲು ಕತ್ತರಿಸುವುದು ಅವನ್ನೇ.

ಕೋಲಾರದ ಮಂಡಿಯಲ್ಲಿ ಟೊಮೆಟೊ ವಿಂಗಡಿಸುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾತ್ರ ನೋಡಿ ಮಾತ್ರ ಆರಿಸಿದರೆ ಅದೇ ಗಾತ್ರದ ಮಣ್ಣಿನ ಹೆಂಟೆಯೂ ಕ್ರೇಟ್‌ಗೆ ಬೀಳುತ್ತದೆ. ಜರಡಿಯ ಕಣ್ಣನ್ನು ಎಷ್ಟು ಬದಲಿಸಿದರೂ ಹೆಂಟೆ ಹೋಗುವುದಿಲ್ಲ, ಹಣ್ಣು ಹೋಗುತ್ತದೆ. ಬಣ್ಣ ನೋಡಬೇಕು.

ಇಲ್ಲಿ ಆ ಬಣ್ಣ ಸಿಡಿ45. ಬಿಳಿ ರಕ್ತಕಣಗಳೆಲ್ಲದರ ಮೈಮೇಲೂ ಇರುವ ಪ್ರೋಟೀನ್ ಅದು. ಲಿಂಫೋಸೈಟ್ ಮೇಲೆ ಅತಿ ಹೆಚ್ಚು, ಮೊನೋಸೈಟ್ ಮೇಲೆ ತುಸು ಕಡಿಮೆ, ಗ್ರಾನ್ಯುಲೋಸೈಟ್ ಮೇಲೆ ಇನ್ನೂ ಕಡಿಮೆ. ಪಕ್ವವಾದ ಕೆಂಪು ಕಣದ ಮೇಲೆ ಇಲ್ಲವೇ ಇಲ್ಲ. ನಮ್ಮ ಟ್ಯೂಬಿನಲ್ಲಿ ಅದು ಇದ್ದೇ ಇತ್ತು, ಆದರೆ ಹಳೆಯ ಟೆಂಪ್ಲೇಟ್ ಅದನ್ನು ಗೇಟ್ ಹಾಕಲು ಬಳಸುತ್ತಿರಲಿಲ್ಲ. ಸ್ಯಾಂಪಲ್ ಮತ್ತೆ ಓಡಿಸಬೇಕಾದ ಅಗತ್ಯವೂ ಇರಲಿಲ್ಲ. ಮಷೀನು ದಾಖಲಿಸಿದ ಪ್ರತಿ ಚುಕ್ಕೆಯ ಎಲ್ಲ ಅಳತೆಗಳೂ ಫೈಲಿನಲ್ಲಿ ಉಳಿದಿರುತ್ತವೆ, ಗೇಟ್ ಎನ್ನುವುದು ನಂತರ ಎಳೆಯುವ ಗೆರೆ ಅಷ್ಟೇ. ಹಾಗಾಗಿ ಅದೇ ಫೈಲ್ ತೆರೆದು, ಹಳೆಯ ಗೇಟ್‌ನೊಳಗಿದ್ದ ಹತ್ತು ಸಾವಿರ ಚುಕ್ಕೆಗಳಲ್ಲಿ ಸಿಡಿ3, ಸಿಡಿ19, ಸಿಡಿ16-56 ಮೂರೂ ಇಲ್ಲದ 2,200 ಚುಕ್ಕೆಗಳಿಗೆ ಕೆಂಪು ಬಣ್ಣ ಕೊಟ್ಟೆವು. ಆಮೇಲೆ ಅಡ್ಡಕ್ಕೆ ಸಿಡಿ45, ಉದ್ದಕ್ಕೆ ಸೈಡ್ ಸ್ಕ್ಯಾಟರ್ ಇರುವ ಹೊಸ ಪ್ಲಾಟ್‌ನಲ್ಲಿ ಆ ಕೆಂಪು ಚುಕ್ಕೆಗಳು ಎಲ್ಲಿ ಬಿದ್ದಿವೆ ಎಂದು ನೋಡಿದೆವು. ಇದು ಹಿಮ್ಮುಖ ಗೇಟಿಂಗ್. ಮೊತ್ತ ಸರಿಯಾಗದಾಗ ಮೊದಲು ಮಾಡಬೇಕಾದದ್ದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಗೆರೆ ಸರಿಸುವುದು ಆಮೇಲೆ.

2,200ರಲ್ಲಿ 1,900 ಚುಕ್ಕೆಗಳು ಪ್ಲಾಟ್‌ನ ಎಡಗೋಡೆಗೆ ಅಂಟಿಕೊಂಡಿದ್ದವು. ಸಿಡಿ45 ಇಲ್ಲ, ಸೈಡ್ ಸ್ಕ್ಯಾಟರ್ ತೀರಾ ಕೆಳಗೆ. ಬಿಳಿ ಕಣಗಳೇ ಅಲ್ಲ. ಇನ್ನು 180 ಚುಕ್ಕೆಗಳಿಗೆ ಸಿಡಿ45 ಇತ್ತು, ಸೈಡ್ ಸ್ಕ್ಯಾಟರ್ ಸ್ವಲ್ಪ ಮೇಲಿತ್ತು. ಸಿಡಿ4ರ ಪ್ಲಾಟ್‌ನಲ್ಲಿ ನೋಡಿದಾಗ ಅವುಗಳಲ್ಲಿ ಸಿಡಿ4 ಮಂಕಾಗಿ ಕಂಡಿತು, ಸಿಡಿ3 ಮಾತ್ರ ಇಲ್ಲ. ಅದು ಮೊನೋಸೈಟ್‌ನ ಗುರುತು. ಅವುಗಳ ಮೇಲೂ ಒಂದಿಷ್ಟು ಸಿಡಿ4 ಇರುತ್ತದೆ. ಸಿಡಿ3 ಜೊತೆಯಲ್ಲಿ ನೋಡದೆ ಬರೀ ಸಿಡಿ4 ಎಣಿಸಿದರೆ ಇವೂ ಸಹಾಯಕ ಟಿ ಕೋಶಗಳ ಲೆಕ್ಕಕ್ಕೆ ಸೇರಿಹೋಗುತ್ತವೆ. ಉಳಿದ 120 ಚುಕ್ಕೆಗಳು ಲಿಂಫೋಸೈಟ್ ಜಾಗದಲ್ಲೇ ಇದ್ದವು, ಯಾವ ಬಗೆ ಎಂದು ಹೇಳಲಾಗಲಿಲ್ಲ. ಅಷ್ಟು ಯಾವ ಸ್ಯಾಂಪಲ್‌ನಲ್ಲೂ ಉಳಿಯುತ್ತದೆ.

ಇನ್ನೊಂದು ಜಾಗವನ್ನೂ ಬೇಕೆಂದೇ ನೋಡಿದೆವು. ಸಿಡಿ45 ಮಂಕಾಗಿದ್ದು ಸೈಡ್ ಸ್ಕ್ಯಾಟರ್ ಕಡಿಮೆ ಇರುವ ಪ್ರದೇಶ, ಅಂದರೆ ಎಡಗೋಡೆಗೂ ಲಿಂಫೋಸೈಟ್ ಗುಂಪಿಗೂ ನಡುವಿನ ಖಾಲಿ ಜಾಗ. ಲ್ಯುಕೇಮಿಯಾದ ಎಳೆಯ ಕೋಶಗಳು ಕೂರುವುದು ಸಾಮಾನ್ಯವಾಗಿ ಅಲ್ಲಿ. ಮೊತ್ತ ಕಡಿಮೆ ಬಂದಾಗ ಕಸ ಎಂದು ತಳ್ಳಿಹಾಕಿ, ಅಲ್ಲಿ ಒಂದು ಗುಂಪು ಇರುವುದನ್ನು ಕಾಣದೆ ಹೋದರೆ ಅದು ದೊಡ್ಡ ತಪ್ಪು. ಕೂಸಿನ ಪ್ಲಾಟ್‌ನಲ್ಲಿ ಅಲ್ಲಿ ಏನೂ ಇರಲಿಲ್ಲ. ಸ್ಲೈಡ್ ಮೇಲಿನ ರಕ್ತದ ಲೇಪವನ್ನೂ ನೋಡಿದೆ. ಎಳೆಯ ಕೋಶವಿಲ್ಲ, ನ್ಯೂಕ್ಲಿಯಸ್ ಇರುವ ಕೆಂಪು ಕಣವೂ ಇಲ್ಲ.

ಆ 1,900 ಚುಕ್ಕೆಗಳು ಕೆಂಪು ಕಣಗಳೇ ಎಂದು ಹೇಗೆ ಹೇಳುವುದು? ಸಿಡಿ45 ಕಾಣದಿರಲು ಇನ್ನೊಂದು ಕಾರಣವೂ ಇರಬಹುದು. ರಕ್ತ ಹಾಕುವಾಗ ಒಂದು ಹನಿ ಟ್ಯೂಬಿನ ಮೇಲಿನ ಗೋಡೆಗೆ ಅಂಟಿದರೆ ಅದಕ್ಕೆ ಆಂಟಿಬಾಡಿ ತಾಗುವುದಿಲ್ಲ. ಆಮೇಲೆ ದ್ರಾವಣ ಹಾಕಿದಾಗ ಅದು ಕೆಳಗಿಳಿಯುತ್ತದೆ, ಅದರೊಳಗಿನ ಬಿಳಿ ಕಣಗಳು ಬಣ್ಣವಿಲ್ಲದೆ ಮಷೀನು ಸೇರುತ್ತವೆ. ಹಾಗಾಗಿದ್ದರೆ ಎಡಗೋಡೆಯ ಉದ್ದಕ್ಕೂ ಕೆಳಗಿನಿಂದ ಮೇಲಿನವರೆಗೆ ಚುಕ್ಕೆಗಳು ಇರಬೇಕಿತ್ತು, ಏಕೆಂದರೆ ಆ ಹನಿಯಲ್ಲಿ ಗ್ರಾನ್ಯುಲೋಸೈಟ್‌ಗಳೂ ಇರುತ್ತವೆ. ನಮ್ಮಲ್ಲಿ ಎಡಗೋಡೆಯ ಬುಡದಲ್ಲಿ ಮಾತ್ರ ರಾಶಿ, ಮೇಲೆಲ್ಲ ಖಾಲಿ. ಗೋಡೆಗೆ ಅಂಟಿದ ಹನಿಯ ಕಥೆ ಅಲ್ಲಿಗೆ ಬಿದ್ದುಹೋಯಿತು.

ಟ್ಯೂಬನ್ನೇ ಕೈಗೆತ್ತಿಕೊಂಡೆ. ಸರಿಯಾಗಿ ಲೈಸ್ ಆದ ಟ್ಯೂಬು ಕೆಂಪಗಿದ್ದರೂ ತಿಳಿಯಾಗಿರುತ್ತದೆ, ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಬಹುದು. ಇದರ ಹಿಂದೆ ಅಂದಿನ ಪೇಪರ್ ಹಿಡಿದರೆ ಸಾಲುಗಳು ಮಸುಕಾಗಿ ತೇಲುತ್ತಿದ್ದವು, ದಪ್ಪ ಹೆಡ್‌ಲೈನ್ ಮಾತ್ರ ಕಂಡಿತು. ಕೆಂಪು ಕಣಗಳು ಒಡೆದಿರಲಿಲ್ಲ.

ಕಾರಣ ಎರಡು ಕೂಡಿಕೊಂಡಿದ್ದವು. ನಮ್ಮ ಲೈಸಿಂಗ್ ದ್ರಾವಣ ಅಮೋನಿಯಂ ಕ್ಲೋರೈಡ್‌ನದ್ದು, ದಾಸ್ತಾನು ಫ್ರಿಜ್‌ನಲ್ಲಿ ಇರುತ್ತದೆ. ಅಂದು ಬೆಳಿಗ್ಗೆ ಅದನ್ನು ರೂಮಿನ ಉಷ್ಣತೆಗೆ ಬರಲು ಬಿಡದೆ ತಣ್ಣಗಿರುವಾಗಲೇ ಬಳಸಿದ್ದೆವು, ಡಿಸೆಂಬರಿನ ಕೋಲಾರದಲ್ಲಿ ರೂಮೂ ಬೆಚ್ಚಗಿರಲಿಲ್ಲ. ತಣ್ಣನೆಯ ದ್ರಾವಣ ನಿಧಾನ ಕೆಲಸ ಮಾಡುತ್ತದೆ. ಎರಡನೆಯದು ಕೂಸಿನ ರಕ್ತವೇ. ಈ ದ್ರಾವಣ ಕೆಂಪು ಕಣದೊಳಗೆ ಉಪ್ಪು ಮತ್ತು ನೀರು ತುಂಬಿಕೊಳ್ಳುವಂತೆ ಮಾಡಿ, ಉಬ್ಬಿಸಿ ಒಡೆಯುತ್ತದೆ. ಕಬ್ಬಿಣದ ಕೊರತೆಯಲ್ಲಿ, ಥಲಸ್ಸೀಮಿಯಾದಲ್ಲಿ ಕೆಂಪು ಕಣ ಅರೆಖಾಲಿ ಚೀಲದಂತೆ ಇರುತ್ತದೆ, ಮೈಯ ಹೊದಿಕೆಗೆ ಹೋಲಿಸಿದರೆ ಒಳಗಿನ ಸರಕು ಕಡಿಮೆ. ಒಡೆಯುವ ಮೊದಲು ಅದು ಹೆಚ್ಚು ನೀರು ಹಿಡಿಯಬಲ್ಲದು. ಎಂಸಿವಿ 61 ಎಂಬ ಸಂಖ್ಯೆ ಬೆಳಿಗ್ಗೆಯೇ ಇದನ್ನು ಹೇಳಿತ್ತು. ಅದೇ ತಣ್ಣನೆಯ ದ್ರಾವಣದಲ್ಲಿ ಅಂದು ಮಾಡಿದ ಬೇರೆ ನಾಲ್ಕು ಸ್ಯಾಂಪಲ್‌ಗಳ ಮೊತ್ತ 93ರಿಂದ 96 ಬಂದಿತ್ತು. ಸ್ವಲ್ಪ ಕಡಿಮೆ, ಆದರೆ ಇಷ್ಟಲ್ಲ.

ಈಗ ಗೇಟನ್ನು ಸರಿಯಾಗಿ ಹಾಕಿದೆವು. ಮೊದಲು ಒಟ್ಟಿಗೆ ಅಂಟಿಕೊಂಡು ಹಾದುಹೋದ ಜೋಡಿ ಕೋಶಗಳನ್ನು ತೆಗೆದು, ಆಮೇಲೆ ಸಿಡಿ45 ಅತಿ ಪ್ರಕಾಶವಾಗಿಯೂ ಸೈಡ್ ಸ್ಕ್ಯಾಟರ್ ಕಡಿಮೆಯಾಗಿಯೂ ಇರುವ ಗುಂಪಿನ ಸುತ್ತ ಗೆರೆ. ಈ ಪ್ಲಾಟ್‌ನಲ್ಲಿ ಗುಂಪಿನ ಸುತ್ತ ನಿಜವಾದ ಖಾಲಿ ಜಾಗ ಇತ್ತು, ಗೆರೆ ಎಲ್ಲಿ ಎಳೆಯಬೇಕೆಂದು ಊಹಿಸಬೇಕಾಗಲಿಲ್ಲ. ಒಟ್ಟು 8,560 ಚುಕ್ಕೆಗಳು ಸಿಕ್ಕವು. ಹಳೆಯ ಗೇಟ್‌ನಲ್ಲಿದ್ದ ನಿಜವಾದ ಲಿಂಫೋಸೈಟ್‌ಗಳು 7,920, ಅದು ಬಿಟ್ಟುಬಿಟ್ಟಿದ್ದ ದೊಡ್ಡ ಕೋಶಗಳು 640. ಅಂದರೆ ಹಳೆಯ ಗೇಟ್ ಲಿಂಫೋಸೈಟ್‌ಗಳಲ್ಲಿ 92 ಪರ್ಸೆಂಟಿಗಿಂತ ಹೆಚ್ಚನ್ನು ಹಿಡಿದಿತ್ತು, ಆದರೆ ಅದರೊಳಗೆ ಇದ್ದದ್ದರಲ್ಲಿ 79 ಪರ್ಸೆಂಟ್ ಮಾತ್ರ ಲಿಂಫೋಸೈಟ್. ಎಷ್ಟು ಹಿಡಿಯಿತು ಎನ್ನುವುದು ಬೇರೆ, ಹಿಡಿದದ್ದು ಎಷ್ಟು ಚೊಕ್ಕ ಎನ್ನುವುದು ಬೇರೆ. ಟೆಕ್ನಿಷಿಯನ್ ಬಿಗಿ ಮಾಡಿದ ಗೇಟ್ ಚೊಕ್ಕತನವನ್ನು ಏರಿಸಿತ್ತು, ಆದರೆ ಪ್ರತಿ ನಾಲ್ಕು ಲಿಂಫೋಸೈಟ್‌ಗಳಲ್ಲಿ ಒಂದನ್ನು ಹೊರಹಾಕಿತ್ತು.

ಹೊಸ ಗೇಟ್‌ನಲ್ಲಿ ಟಿ 5,180 ಚುಕ್ಕೆ, 60.5 ಪರ್ಸೆಂಟ್. ಬಿ 2,500, ಅಂದರೆ 29.2. ಎನ್‌ಕೆ 750, ಅಂದರೆ 8.8. ಮೊತ್ತ 98.5. ಬ್ಲಡ್ ಕೌಂಟಿನ 3,526ಕ್ಕೆ ಗುಣಿಸಿದರೆ ಟಿ ಕೋಶ 2,133, ಬಿ 1,030, ಎನ್‌ಕೆ 309. ಸಿಡಿ4 ಟಿ ಕೋಶ 41.2 ಪರ್ಸೆಂಟ್, ಎಣಿಕೆ 1,454. ಎಲ್ಲವೂ ವಯಸ್ಸಿನ ಮಿತಿಯೊಳಗೆ ಬಂದವು, ಸಿಡಿ4 ಮಾತ್ರ ಕೆಳಗೆರೆಗೆ ಹತ್ತಿರ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಒಂದು ಸಂಗತಿ ಇಲ್ಲಿದೆ. ನಮ್ಮ ಟೆಂಪ್ಲೇಟ್ ಮೊದಲಿನಿಂದಲೂ ಒಂದು ತಪಾಸಣೆ ಮಾಡುತ್ತಿತ್ತು: ಸಿಡಿ4 ಮತ್ತು ಸಿಡಿ8 ಟಿ ಕೋಶಗಳನ್ನು ಕೂಡಿಸಿದರೆ ಒಟ್ಟು ಟಿ ಕೋಶಕ್ಕೆ ಹತ್ತಿರ ಬರಬೇಕು. ತಪ್ಪು ಗೇಟ್‌ನಲ್ಲಿ 33 ಮತ್ತು 14 ಕೂಡಿ 47, ಒಟ್ಟು ಟಿ 48. ಹಸಿರು ಗುರುತು ಬಿದ್ದಿತ್ತು. ಸಿಡಿ4-ಸಿಡಿ8 ಅನುಪಾತವೂ ತಪ್ಪು ಗೇಟ್‌ನಲ್ಲಿ 2.36, ಸರಿ ಗೇಟ್‌ನಲ್ಲಿ 2.31, ಹೆಚ್ಚುಕಡಿಮೆ ಒಂದೇ. ಕೆಂಪು ಕಣಗಳು ಛೇದದಲ್ಲಿ ಸೇರಿಕೊಂಡಿದ್ದರಿಂದ ಎಲ್ಲ ಪರ್ಸೆಂಟುಗಳೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಕುಗ್ಗಿದ್ದವು, ಒಂದಕ್ಕೊಂದು ಹೋಲಿಸುವ ಯಾವ ತಪಾಸಣೆಗೂ ಅದು ಕಾಣುವಂತಿರಲಿಲ್ಲ. ಕಂಡದ್ದು ಮೂರರ ಮೊತ್ತಕ್ಕೆ ಮಾತ್ರ. ಎಚ್‌ಐವಿ ಪರೀಕ್ಷೆಗೆಂದು ಸಿಡಿ3, ಸಿಡಿ4, ಸಿಡಿ8 ಮಾತ್ರ ಹಾಕುವ ಟ್ಯೂಬಿನಲ್ಲಿ ಬಿ ಮತ್ತು ಎನ್‌ಕೆ ಗುರುತೇ ಇರುವುದಿಲ್ಲ, ಈ ಮೊತ್ತ ತೆಗೆಯಲು ಆಗುವುದೇ ಇಲ್ಲ. ಅಲ್ಲಿ ಬರೀ ಸ್ಕ್ಯಾಟರ್ ಮೇಲೆ ಗೇಟ್ ಹಾಕುವವರು ಇಂಥ ತಪ್ಪನ್ನು ಎಂದೂ ಕಾಣದೆ ಇರಬಹುದು.

ಮಧ್ಯಾಹ್ನ ಅದೇ ರಕ್ತದಿಂದ ಇನ್ನೊಂದು ಟ್ಯೂಬು ಮಾಡಿದೆವು. ದ್ರಾವಣ ಬೆಚ್ಚಗಾಗಲು ಬಿಟ್ಟು, ಲೈಸಿಂಗ್ ಸಮಯವನ್ನು ಹತ್ತು ನಿಮಿಷ ಹೆಚ್ಚಿಸಿ, ಪೇಪರಿನ ಸಣ್ಣ ಅಕ್ಷರ ಕಾಣುವವರೆಗೆ ಕಾದು ಓಡಿಸಿದೆವು. ಹಳೆಯ ಸ್ಕ್ಯಾಟರ್ ಗೇಟ್‌ನಲ್ಲೇ ಮೊತ್ತ 94 ಬಂತು, ಸಿಡಿ45 ಗೇಟ್‌ನಲ್ಲಿ 99. ಟಿ ಕೋಶ 60.9 ಪರ್ಸೆಂಟ್. ಬೆಳಗಿನ ಫೈಲಿಗೆ ಹೊಸ ಗೇಟ್ ಹಾಕಿ ಪಡೆದದ್ದಕ್ಕೆ ಇದು ಹೊಂದಿತು, ಆಗಲೇ ನನಗೆ ನಂಬಿಕೆ ಬಂದದ್ದು.

ಮಕ್ಕಳ ಡಾಕ್ಟರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ನೇರ: "ಹಾಗಾದ್ರೆ ಇಮ್ಯುನೋಡೆಫಿಷಿಯನ್ಸಿ ಇಲ್ಲ ಅಂತ ಬರೀಬಹುದಾ ಮೇಡಂ?" ಅಷ್ಟು ಹೇಳಲು ಈ ಪ್ಲಾಟ್‌ಗೆ ಶಕ್ತಿ ಇಲ್ಲ. ಟಿ ಕೋಶಗಳೇ ಇಲ್ಲದಂಥ ತೀವ್ರ ಕೊರತೆಯಲ್ಲಿ ಎಣಿಕೆ ಸಾಮಾನ್ಯವಾಗಿ 300ಕ್ಕೂ ಕೆಳಗೆ ಇರುತ್ತದೆ, ಅದು ಇಲ್ಲಿಲ್ಲ ಎಂದು ಹೇಳಬಹುದು. ಬಿ ಕೋಶ ಇದ್ದರೂ ಅವು ಆಂಟಿಬಾಡಿ ತಯಾರಿಸುತ್ತಿವೆಯೇ ಎನ್ನುವುದು ಎಣಿಕೆಯಿಂದ ತಿಳಿಯುವುದಿಲ್ಲ, ಅದಕ್ಕೆ ಇಮ್ಯುನೋಗ್ಲಾಬ್ಯುಲಿನ್ ಅಳೆಯಬೇಕು. ಇನ್ನು ಮಿತಿಗಳ ವಿಷಯ. ನಾವು ಬಳಸುವುದು ಅಮೆರಿಕದ ಮಕ್ಕಳ ರಕ್ತದಿಂದ ತಯಾರಿಸಿ 2003ರಲ್ಲಿ ಪ್ರಕಟಿಸಿದ ಪಟ್ಟಿ, ಅದರ ಗೆರೆಗಳು ಹತ್ತನೇ ಮತ್ತು ತೊಂಬತ್ತನೇ ಪರ್ಸೆಂಟೈಲ್. ಅಂದರೆ ಆರೋಗ್ಯವಾಗಿರುವ ಹತ್ತು ಮಕ್ಕಳಲ್ಲಿ ಒಬ್ಬರು ಕೆಳಗೆರೆಗಿಂತ ಕೆಳಗೇ ಇರುತ್ತಾರೆ. ಸಿಡಿ4 ಎಣಿಕೆ 1,454 ಎಂಬುದು ಗೆರೆಯ ಮೇಲಿದೆ ಎಂದು ಹಿಗ್ಗುವುದೂ ಬೇಡ, 1,390 ಬಂದಿದ್ದರೆ ಹೆದರುವುದೂ ಬೇಡ. ಸೋಂಕಿನ ಸಮಯದಲ್ಲಿ ಲಿಂಫೋಸೈಟ್ ತಾನೇ ಇಳಿಯಬಹುದು, ಹಾಗಾಗಿ ಮಗು ಚೇತರಿಸಿಕೊಂಡ ಮೇಲೆ ಮತ್ತೊಮ್ಮೆ ನೋಡಿ ಎಂದೆ. ರಿಪೋರ್ಟಿನ ಕೆಳಗೆ ಬರೆದದ್ದೂ ಅದನ್ನೇ, ಜೊತೆಗೆ ಕೆಂಪು ಕಣಗಳು ಸುಲಭವಾಗಿ ಲೈಸ್ ಆಗುತ್ತಿಲ್ಲ, ಕಬ್ಬಿಣದ ಕೊರತೆ ಅಥವಾ ಥಲಸ್ಸೀಮಿಯಾ ಇದೆಯೇ ಪರೀಕ್ಷಿಸಿ ಎಂದೂ ಸೇರಿಸಿದೆ.

ಕಬ್ಬಿಣದ ಕೊರತೆಯೇ ಇತ್ತು. ಹನಿ ಔಷಧಿ ಶುರುವಾಯಿತು. ಇಮ್ಯುನೋಗ್ಲಾಬ್ಯುಲಿನ್ ವಯಸ್ಸಿಗೆ ತಕ್ಕಷ್ಟೇ ಬಂತು, ಒಂಬತ್ತನೇ ತಿಂಗಳ ಲಸಿಕೆಯನ್ನು ಡಾಕ್ಟರು ಸಮಯಕ್ಕೇ ಹಾಕಿಸಿದರು.

ನಮ್ಮ ಟೆಂಪ್ಲೇಟ್ ಅದೇ ವಾರ ಬದಲಾಯಿತು. ಮೊದಲ ಗೇಟ್ ಈಗ ಸಿಡಿ45 ಮತ್ತು ಸೈಡ್ ಸ್ಕ್ಯಾಟರ್ ಮೇಲೆ. ತೊಳೆಯದ ಟ್ಯೂಬಿಗೆ ಮಷೀನಿನ ಥ್ರೆಶೋಲ್ಡನ್ನೂ ಸಿಡಿ45 ಮೇಲೆ ಇಡಬಹುದು, ಆಗ ಕೆಂಪು ಕಣಗಳು ದಾಖಲೇ ಆಗುವುದಿಲ್ಲ, ಪ್ಲಾಟ್ ಚೆನ್ನಾಗಿ ಕಾಣುತ್ತದೆ. ಇದರ ಬಗ್ಗೆ ಲ್ಯಾಬಿನಲ್ಲಿ ನಮ್ಮೊಳಗೆ ಚರ್ಚೆಯೇ ಆಯಿತು. ಥ್ರೆಶೋಲ್ಡ್ ತಡೆದದ್ದು ಫೈಲಿನಲ್ಲಿ ಉಳಿಯುವುದಿಲ್ಲ, ಆಮೇಲೆ ಹಿಂತಿರುಗಿ ನೋಡಲು ಏನೂ ಇರುವುದಿಲ್ಲ. ಸಿಡಿ45 ಇಲ್ಲದ ಎಳೆಯ ಲ್ಯುಕೇಮಿಯಾ ಕೋಶವೂ ಕಾಣದೆ ಹೋಗುತ್ತದೆ. ದೊಡ್ಡವರ ಸಿಡಿ4 ಎಣಿಕೆಗೆ ಹಾಗೆ ಇಟ್ಟಿದ್ದೇವೆ. ಕೂಸುಗಳ ಸ್ಯಾಂಪಲ್‌ಗೆ ಥ್ರೆಶೋಲ್ಡ್ ಫಾರ್ವರ್ಡ್ ಸ್ಕ್ಯಾಟರ್ ಮೇಲೆಯೇ ಉಳಿದಿದೆ, ಗೇಟ್ ಮಾತ್ರ ಬದಲು.

ಹತ್ತು ತಿಂಗಳು ತುಂಬಿದಾಗ ಅಜ್ಜಿ ಮತ್ತೆ ಬಂದರು, ಈ ಸಲ ಕೂಸು ಸೊಂಟದ ಮೇಲೆ. ಹೀಮೋಗ್ಲೋಬಿನ್ 10.6, ಲಿಂಫೋಸೈಟ್ 5,900, ಟಿ ಕೋಶ 62 ಪರ್ಸೆಂಟ್, ಅಂದರೆ 3,658. ಟ್ಯೂಬಿನ ಹಿಂದೆ ಹಿಡಿದ ಪೇಪರಿನ ಸಣ್ಣ ಜಾಹೀರಾತೂ ಹದಿನೈದೇ ನಿಮಿಷಕ್ಕೆ ಓದುವಂತಿತ್ತು. ಸಿಡಿ45 ಪ್ಲಾಟ್ ತೆರೆದಾಗ ಟೆಕ್ನಿಷಿಯನ್ ಮೊದಲು ಬೆರಳಿಟ್ಟು ತೋರಿಸಿದ್ದು ಎಡಗೋಡೆಯ ಬುಡವನ್ನು. ಅಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಮಾತ್ರ ಇತ್ತು.